ಅಣ್ಣನ ಮರೆವು, ತಂಗಿಯ ಮರೆವು

ಕಲಬುರಗಿಯಲ್ಲಿ ನರರೋಗ ತಜ್ಞರೊಬ್ಬರ ಕ್ಲಿನಿಕ್‌ನಲ್ಲಿ ನಾನು ನೆನಪಿನ ಪರೀಕ್ಷೆ ಮಾಡುತ್ತೇನೆ. ಡಾಕ್ಟರು ಸ್ಕ್ಯಾನ್ ನೋಡುತ್ತಾರೆ. ನಾನು ಬಂದವರ ಜೊತೆ ಕೂತು ಮಾತಾಡುತ್ತೇನೆ, ಪ್ರಶ್ನೆ ಕೇಳುತ್ತೇನೆ, ಲೆಕ್ಕ ಮಾಡಿಸುತ್ತೇನೆ. ಮನೆಯವರು ನನ್ನನ್ನು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆ ಇದೆ. "ಸ್ಕ್ಯಾನ್‌ನ್ಯಾಗ ಇಷ್ಟೆಲ್ಲಾ ಅದ ಅಂತೀರಿ. ನಮ್ಮಪ್ಪಾರು ಛಲೋನೇ ಅದಾರಲ್ರಿ?" ಉಲ್ಟಾ ಪ್ರಶ್ನೆಯೂ ಬರುತ್ತದೆ. "ಅಣ್ಣಗ ಇದ್ದಷ್ಟೇ ಇವರಿಗೂ ಅದ ಅಂತೀರಿ, ಇವರ್ಯಾಕ ಇಷ್ಟು ಕೆಟ್ಟಾರ?"

ಎರಡೂ ಪ್ರಶ್ನೆ ಒಂದೇ ಕುಟುಂಬದಿಂದ ಬಂದ ಒಂದು ಪ್ರಸಂಗವನ್ನು ಇಲ್ಲಿ ಹೇಳುತ್ತೇನೆ. ಯಾರದು ಅಂತ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅಣ್ಣ ನಿವೃತ್ತ ಹೆಡ್ ಮಾಸ್ತರ್. ವಯಸ್ಸು 78. ಬಿ.ಎ., ಬಿ.ಎಡ್. ಮಾಡಿದವರು, ಒಟ್ಟು 16 ವರ್ಷದ ಓದು. ಆಳಂದ ಕಡೆಯ ಶಾಲೆಗಳಲ್ಲಿ ಕೆಲಸ ಮಾಡಿ, ಈಗ ಕಲಬುರಗಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಕನ್ನಡದ ಜೊತೆ ಉರ್ದು, ಮರಾಠಿ, ಹಿಂದಿ ಬರುತ್ತದೆ. ಅವರ ತಂಗಿಗೆ 75. ಶಾಲೆಯ ಮುಖ ನೋಡಿದವರಲ್ಲ. ಸೇಡಂ ತಾಲೂಕಿನ ಹಳ್ಳಿಗೆ ಮದುವೆಯಾಗಿ ಹೋಗಿ, ತೊಗರಿ ಹೊಲ, ದನ, ದೊಡ್ಡ ಮನೆ ಎಲ್ಲ ನಡೆಸಿದವರು.

ಮಾಸ್ತರನ್ನು ಕರೆತಂದದ್ದು ಪುಣೆಯಲ್ಲಿರುವ ಸಣ್ಣ ಮಗ. ದೀಪಾವಳಿಗೆ ಬಂದಾಗ ಅಪ್ಪ ಒಂದೇ ಸಂಜೆಯಲ್ಲಿ ಸಿಲಿಂಡರ್ ರೇಟ್ ಎಷ್ಟಾಯ್ತು ಅಂತ ಮತ್ತೆ ಮತ್ತೆ ಕೇಳಿದರಂತೆ. ಜೊತೆಯಲ್ಲೇ ಇರುವ ದೊಡ್ಡ ಮಗನಿಗೆ ಇದು ಅಷ್ಟಾಗಿ ಕಂಡಿರಲಿಲ್ಲ. ಅಪ್ಪ ಪೇಪರ್ ಓದುತ್ತಾರೆ, ಬ್ಯಾಂಕಿಗೆ ಹೋಗುತ್ತಾರೆ, ಮೊಮ್ಮಗಳಿಗೆ ಗಣಿತ ಹೇಳಿಕೊಡುತ್ತಾರೆ. ಇನ್ನೇನು ಬೇಕು?

ತಂಗಿಯನ್ನು ಕೆಲವು ತಿಂಗಳ ನಂತರ ಕರೆತಂದರು. ಅವರ ಸೊಸೆಯ ಹತ್ತಿರ ಹೇಳಲು ಬಹಳ ಇತ್ತು. ಪಲ್ಯಕ್ಕೆ ಎರಡು ಸಲ ಉಪ್ಪು ಹಾಕುತ್ತಾರೆ. ಗಿರಣಿಗೆ ಜೋಳ ಒಯ್ದವರಿಗೆ ತಿರುಗಿ ಬರಲು ದಾರಿ ತಿಳಿಯಲಿಲ್ಲ, ಅದೂ ಐವತ್ತು ವರ್ಷ ಓಡಾಡಿದ ಓಣಿಯಲ್ಲಿ. ಸೀರೆಯ ಗಂಟಲ್ಲಿ ಇಟ್ಟ ರೊಕ್ಕ ಸೊಸೆಯೇ ಕದ್ದಳು ಅಂತ ದಿನಾ ಜಗಳ. ತೀರಿಕೊಂಡ ಗಂಡ ಹೊಲದಿಂದ ಬರುತ್ತಾರೆ ಅಂತ ರೊಟ್ಟಿ ತೆಗೆದಿಡುತ್ತಾರೆ.

ಇಬ್ಬರದ್ದೂ ಎಂಆರ್‌ಐ ಆಯಿತು. ಕಿವಿಯ ಒಳಬದಿಗೆ, ಮೆದುಳಿನ ತಳದಲ್ಲಿ ಹಿಪ್ಪೊಕ್ಯಾಂಪಸ್ ಅನ್ನುವ ಭಾಗ ಇದೆ. ಹೊಸ ನೆನಪು ಕೂರುವುದು ಅದರ ಸಹಾಯದಿಂದ. ಅಲ್ಝೈಮರ್ ರೋಗದಲ್ಲಿ ಮೊದಲು ಸೊರಗುವ ಜಾಗಗಳಲ್ಲಿ ಅದೂ ಒಂದು. ಅದು ಎಷ್ಟು ಸೊರಗಿದೆ ಅಂತ ರೇಡಿಯಾಲಜಿಸ್ಟ್‌ಗಳು 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. 0 ಅಂದರೆ ಚೆನ್ನಾಗಿದೆ, 4 ಅಂದರೆ ಪೂರ್ತಿ ಕುಗ್ಗಿದೆ. ಅಣ್ಣನಿಗೂ 3, ತಂಗಿಗೂ 3. ರಕ್ತನಾಳಗಳ ತೊಂದರೆಯಿಂದ ಬರುವ ಬಿಳಿ ಕಲೆಗಳೂ ಇಬ್ಬರಲ್ಲಿ ಹೆಚ್ಚು ಕಡಿಮೆ ಒಂದೇ ಥರ.

ಇಲ್ಲಿ ಒಂದು ಎಚ್ಚರ ಬೇಕು. ಅಲ್ಝೈಮರ್ ವಿಷಯದಲ್ಲಿ ಎಂಆರ್‌ಐ ತೋರಿಸುವುದು ಕುಗ್ಗುವಿಕೆಯನ್ನು ಮಾತ್ರ. ಅಲ್ಝೈಮರ್‌ನ ಗುರುತು ಅಂದರೆ ನರಕೋಶಗಳ ಹೊರಗೆ ಗಟ್ಟಿಯಾಗಿ ಕೂರುವ ಅಮೈಲಾಯ್ಡ್ ಎಂಬ ಪ್ರೋಟೀನ್, ಕೋಶಗಳ ಒಳಗೆ ಎಳೆಯಂತೆ ಸಿಕ್ಕಾಗುವ ಟೌ ಎಂಬ ಇನ್ನೊಂದು ಪ್ರೋಟೀನ್. ಅವು ಕಣ್ಣಿಗೇ ಕಾಣಬೇಕಾದರೆ ವಿಶೇಷ ಪೆಟ್ ಸ್ಕ್ಯಾನ್ ಬೇಕು, ಇಲ್ಲವೇ ಸತ್ತ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹಾಗಾಗಿ ಇವರಿಬ್ಬರ ರೋಗ ತೂಕ ಹಾಕಿದಷ್ಟು ಸಮ ಅಂತ ನಾನು ಹೇಳಲಾರೆ. ಸುಮಾರು ಒಂದೇ ಮಟ್ಟದಲ್ಲಿದೆ ಅಂತ ಮಾತ್ರ ಹೇಳಬಲ್ಲೆ. ನಿಜವಾಗಿ ಸಮ ಇದ್ದಾಗಲೂ ಲಕ್ಷಣ ಬೇರೆ ಬೇರೆ ಇರುತ್ತದೆ ಅನ್ನುವುದಕ್ಕೆ ಸಾಕ್ಷಿ ಬೇರೆ ಕಡೆಯಿಂದ ಬಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮಾಸ್ತರ ಪರೀಕ್ಷೆ. 30 ಅಂಕದ ಒಂದು ಸಾಮಾನ್ಯ ಪರೀಕ್ಷೆ ಇದೆ, ಎಂಎಂಎಸ್‌ಇ ಅಂತ. ಇವತ್ತು ಯಾವ ವಾರ, ಯಾವ ಊರು, ಮೂರು ಶಬ್ದ ನೆನಪಿಡಿ, 100ರಿಂದ ಏಳೇಳು ಕಳೆಯುತ್ತಾ ಹೋಗಿ, ಹೀಗೆ. ತಾರೀಖು ಕೇಳಿದಾಗ ಮಾಸ್ತರು ನಕ್ಕರು. "ನಾವು ಮಕ್ಕಳಿಗಿ ಕೇಳ್ತಿದ್ದ ಪ್ರಶ್ನಿ ನೀವು ನಮಗೇ ಕೇಳ್ತೀರಲ್ರಿ" ಅಂದು ಸರಿಯಾಗೇ ಹೇಳಿದರು. ಬೆಳಿಗ್ಗೆ ಡೈರಿಯಲ್ಲಿ ತಾರೀಖು ಬರೆಯುವ ಅಭ್ಯಾಸ ಅವರಿಗೆ. ಲೆಕ್ಕದಲ್ಲಿ 93, 86, 79 ಅಂತ ಪಟಪಟ ಇಳಿದರು. ಒಟ್ಟು ಬಂದದ್ದು 28. ಈ ನಂಬರ್ ಕೇಳಿದ ಯಾರೇ ಆದರೂ ಏನೂ ತೊಂದರೆ ಇಲ್ಲ ಅಂದುಬಿಡುತ್ತಾರೆ.

ಆದರೆ ಆ ಎರಡು ಅಂಕ ಎಲ್ಲಿ ಹೋಯಿತು ಅಂತ ನೋಡಬೇಕು. ಎರಡೂ ಒಂದೇ ಕಡೆ ಹೋಗಿತ್ತು. ಮಾವು, ಕುರ್ಚಿ, ನಾಣ್ಯ ಅಂತ ಮೂರು ಶಬ್ದ ಹೇಳಿದ್ದೆ. ಲೆಕ್ಕ ಮಾಡಿಸಿ ಮತ್ತೆ ಕೇಳಿದೆ. "ಕುರ್ಚಿ" ಅಂದರು. ಸ್ವಲ್ಪ ಸುಮ್ಮನಿದ್ದು, "ಉಳಿದದ್ದು ಅಷ್ಟು ಮುಖ್ಯ ಇಲ್ಲ ಬಿಡ್ರಿ" ಅಂದರು. ಒಂದು ಹಣ್ಣು ಇತ್ತು ಸರ್, ಅಂತ ಸುಳಿವು ಕೊಟ್ಟೆ. "ಬಾಳಿ?"

ನಾನು ಅಲ್ಲಿ ಪೆನ್ನು ನಿಲ್ಲಿಸಿದೆ. ಗಮನ ಇಲ್ಲದೆ ಮರೆತವರಿಗೆ, ವಯಸ್ಸಿನಿಂದ ನಿಧಾನವಾದವರಿಗೆ ಸುಳಿವು ಕೊಟ್ಟರೆ ಸಾಮಾನ್ಯವಾಗಿ ಶಬ್ದ ಬರುತ್ತದೆ. ನೆನಪು ಒಳಗೆ ಇರುತ್ತದೆ, ಕೈಗೆ ಸಿಗುತ್ತಿರುವುದಿಲ್ಲ ಅಷ್ಟೆ. ಸುಳಿವು ಕೊಟ್ಟರೂ ಬೇರೆಯೇ ಹಣ್ಣು ಬಂದರೆ ಆ ಶಬ್ದ ಒಳಗೆ ಕೂತೇ ಇಲ್ಲ ಅನ್ನುವ ಅನುಮಾನ ಬರುತ್ತದೆ. ಮೂರೇ ಶಬ್ದದ ಮೇಲೆ ತೀರ್ಮಾನ ಮಾಡುವ ಹಾಗಿಲ್ಲ. ಹತ್ತು ಶಬ್ದದ ಪಟ್ಟಿ ಕೊಟ್ಟು ಮೂರು ಸುತ್ತು ಓದಿಸಿದೆ. ಮೂರನೇ ಸುತ್ತಿಗೆ ಏಳು ಹೇಳಿದರು. ಇಪ್ಪತ್ತು ನಿಮಿಷ ಬಿಟ್ಟು ಕೇಳಿದಾಗ ಉಳಿದದ್ದು ಒಂದು.

ಮಾತಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಏನು ಊಟ ಮಾಡಿದಿರಿ ಸರ್ ಅಂದರೆ, "ನಮ್ಮ ಮನ್ಯಾಗ ಯಾವತ್ತೂ ರೊಟ್ಟಿ, ಪಲ್ಯ, ಶೇಂಗಾ ಹಿಂಡಿರಿ. ಅದ ಬಿಟ್ಟರ ನಮಗ ಮೈಗಿ ಹತ್ತಂಗಿಲ್ಲ" ಅನ್ನುತ್ತಾರೆ. ಉತ್ತರ ಚಂದ ಇದೆ, ನಿಜವೂ ಇರಬಹುದು. ಆದರೆ ಅದು ಇವತ್ತಿನ ನೆನಪಲ್ಲ, ಜೀವಮಾನದ ರೂಢಿಯಿಂದ ಕಟ್ಟಿದ ಉತ್ತರ. ನಲವತ್ತು ವರ್ಷ ಮಕ್ಕಳ ಮುಂದೆ ನಿಂತು ಮಾತಾಡಿದವರು ಅವರು. ಖಾಲಿ ಬಿದ್ದ ಜಾಗವನ್ನು ಶಬ್ದದಿಂದ, ಅಂದಾಜಿನಿಂದ, ಡೈರಿಯಿಂದ ತುಂಬಿಕೊಳ್ಳುತ್ತಾರೆ. ಬೇಕಂತ ಮುಚ್ಚಿಡುತ್ತಿದ್ದಾರೆ ಅಂತಲ್ಲ. ಮೆದುಳು ತನ್ನಷ್ಟಕ್ಕೆ ತಾನೇ ಹಾಗೆ ಮಾಡುತ್ತದೆ.

ಇದಕ್ಕೆ ಕಾಗ್ನಿಟಿವ್ ರಿಸರ್ವ್ ಅನ್ನುತ್ತಾರೆ. ಕನ್ನಡದಲ್ಲಿ ಬುದ್ಧಿಯ ಮೀಸಲು ಶಕ್ತಿ ಅನ್ನೋಣ. ಈ ವಿಚಾರವನ್ನು ಬೆಳೆಸಿದವರಲ್ಲಿ ಮುಖ್ಯವಾದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಯಾಕೊವ್ ಸ್ಟರ್ನ್. ಸೇಡಂ ರಸ್ತೆ ಬಂದ್ ಆದ ದಿನ ಕಲಬುರಗಿಯ ಸಂದಿಗೊಂದಿ ಗೊತ್ತಿದ್ದ ಆಟೋದವನು ಒಳಗಿನ ಓಣಿ ಹಿಡಿದು ಮನೆ ಮುಟ್ಟಿಸುತ್ತಾನೆ. ಒಂದೇ ದಾರಿ ಗೊತ್ತಿದ್ದವನು ಅಲ್ಲೇ ನಿಲ್ಲುತ್ತಾನೆ. ರಸ್ತೆ ಬಂದ್ ಆಗಿರುವುದು ಇಬ್ಬರಿಗೂ ಒಂದೇ. ಮೆದುಳಿನಲ್ಲೂ ಹೆಚ್ಚು ಕಡಿಮೆ ಹೀಗೇ ನಡೆಯುತ್ತದೆ ಅನ್ನುವುದು ಸ್ಟರ್ನ್ ಅವರ ವಾದ. ಮೀಸಲು ಜಾಸ್ತಿ ಇದ್ದವರ ಮೆದುಳು ಒಂದು ಕೆಲಸವನ್ನು ಕಡಿಮೆ ಶ್ರಮದಲ್ಲಿ ಮಾಡುತ್ತದೆ. ಮಾಮೂಲಿ ಜಾಲ ಕೆಟ್ಟಾಗ ಬೇರೆ ಜಾಲವನ್ನು ಕೆಲಸಕ್ಕೆ ಹಚ್ಚುತ್ತದೆ.

ಇದರ ಜೊತೆ ಇನ್ನೊಂದು ವಿಷಯ ಕಲಸಿಹೋಗುತ್ತದೆ. ಕೆಲವರ ಮೆದುಳೇ ದೊಡ್ಡದು, ನರಕೋಶ ಹೆಚ್ಚು. ಹಾನಿ ಆದರೂ ಉಳಿಯುವುದು ಜಾಸ್ತಿ. ಅದನ್ನು ಬ್ರೈನ್ ರಿಸರ್ವ್ ಅನ್ನುತ್ತಾರೆ, ಅದು ಸರಕಿನ ಲೆಕ್ಕ. ಕಾಗ್ನಿಟಿವ್ ರಿಸರ್ವ್ ಆ ಸರಕನ್ನು ಹೇಗೆ ಬಳಸುತ್ತೇವೆ ಅನ್ನುವ ಲೆಕ್ಕ.

ಈಗ ಸಾಕ್ಷಿಗೆ ಬರೋಣ. 1988ರಲ್ಲಿ ರಾಬರ್ಟ್ ಕಾಟ್ಜ್‌ಮನ್ ಮತ್ತು ಸಂಗಡಿಗರು ವೃದ್ಧಾಶ್ರಮದಲ್ಲಿ ತೀರಿಕೊಂಡ 137 ಮಂದಿಯ ಮೆದುಳನ್ನು ಪರೀಕ್ಷಿಸಿದ ವರದಿ ಕೊಟ್ಟರು. ಅವರಲ್ಲಿ ಹತ್ತು ಜನ ಬದುಕಿದ್ದಾಗ ಚುರುಕಾಗಿದ್ದವರು. ಆದರೆ ಅವರ ಮೆದುಳಿನಲ್ಲಿ ಅಲ್ಝೈಮರ್‌ನ ಗುರುತು ಕಂಡಿತು. ಆ ಹತ್ತು ಮೆದುಳುಗಳು ತೂಕದಲ್ಲಿ ಜಾಸ್ತಿ ಇದ್ದವು, ದೊಡ್ಡ ನರಕೋಶಗಳೂ ಹೆಚ್ಚಿದ್ದವು. ಅಲ್ಲಿಂದ ಪ್ರಶ್ನೆ ಬಲವಾಯಿತು. ರೋಗ ಇದ್ದೂ ಲಕ್ಷಣ ಇಲ್ಲದಿರುವುದು ಹೇಗೆ?

ಸ್ಟರ್ನ್ 1992ರಲ್ಲಿ ಇದನ್ನೇ ತಿರುಗಿಸಿ ನೋಡಿದರು. ನನಗೆ ಬಹಳ ಇಷ್ಟವಾದ ಅಧ್ಯಯನ ಅದು. ಒಂದೇ ಮಟ್ಟದ ಲಕ್ಷಣ ಇರುವ ಅಲ್ಝೈಮರ್ ರೋಗಿಗಳನ್ನು ತೆಗೆದುಕೊಂಡರು. ಕೆಲವರು ಹೆಚ್ಚು ಓದಿದವರು, ಕೆಲವರು ಕಡಿಮೆ. ಮೆದುಳಿಗೆ ರಕ್ತ ಎಷ್ಟು ಹರಿಯುತ್ತಿದೆ ಅಂತ ಅಳೆದರು. ರೋಗ ಹೆಚ್ಚು ಬಾಧಿಸುವ, ತಲೆಯ ಹಿಂಬದಿಯ ಪಕ್ಕದ ಭಾಗಗಳಲ್ಲಿ ಓದಿದವರ ರಕ್ತ ಹರಿವೇ ಹೆಚ್ಚು ಕುಸಿದಿತ್ತು. ಅಂದರೆ ಹೊರಗೆ ಇಬ್ಬರೂ ಒಂದೇ ಥರ ಕಾಣುತ್ತಿದ್ದಾಗ, ಒಳಗೆ ಓದಿದವರ ರೋಗ ಆಗಲೇ ಮುಂದೆ ಹೋಗಿತ್ತು.

ಈ ಒಂದು ಸಂಗತಿ ಮನಸ್ಸಲ್ಲಿ ಕೂತರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಲಕ್ಷಣ ಕಡಿಮೆ ಇದೆ ಅಂದಮಾತ್ರಕ್ಕೆ ರೋಗ ಕಡಿಮೆ ಇದೆ ಅಂತ ಅಲ್ಲ.

ಹಾಗಾದರೆ ಓದು ರೋಗವನ್ನೇ ತಡೆಯುತ್ತದೋ? ಇಲ್ಲ ಅಂತಲೇ ಕಾಣುತ್ತದೆ. 2010ರಲ್ಲಿ ಯುರೋಪಿನ ಮೂರು ಅಧ್ಯಯನಗಳನ್ನು ಸೇರಿಸಿ, ಕ್ಯಾರೊಲ್ ಬ್ರೇನ್ ಮತ್ತು ಸಂಗಡಿಗರು 872 ಜನರ ಮೆದುಳನ್ನು ನೋಡಿದರು. ಎಲ್ಲರೂ ಸತ್ತ ಮೇಲೆ ಮೆದುಳು ದಾನ ಮಾಡಿದವರು. ಹೆಚ್ಚು ಓದಿದವರ ಮೆದುಳಿನಲ್ಲಿ ಅಲ್ಝೈಮರ್‌ನ ಗುರುತು ಕಡಿಮೆ ಏನೂ ಇರಲಿಲ್ಲ. ಆದರೆ ಅಷ್ಟೇ ಗುರುತು ಇದ್ದರೂ ಬದುಕಿದ್ದಾಗ ಡಿಮೆನ್ಶಿಯಾ, ಅಂದರೆ ದಿನದ ಬದುಕಿಗೇ ಅಡ್ಡಿಯಾಗುವಷ್ಟು ಮರೆವು, ಬಂದ ಪ್ರಮಾಣ ಕಡಿಮೆ. ಪ್ರತಿ ಒಂದು ವರ್ಷದ ಹೆಚ್ಚಿನ ಓದಿಗೆ ಅಪಾಯ ಸುಮಾರು 11 ಶೇಕಡ ಕಡಿಮೆ. ಶಾಲೆ ಮೆದುಳಿನಲ್ಲಿ ಕೊಳೆ ಕೂರುವುದನ್ನು ತಡೆಯಲಿಲ್ಲ. ಕೊಳೆ ಇಟ್ಟುಕೊಂಡೇ ಬದುಕು ನಡೆಸುವ ತಾಕತ್ತು ಕೊಟ್ಟಿತು.

ಮಾಸ್ತರ ಮನೆಯವರಿಗೆ ಇದನ್ನು ನಿಧಾನವಾಗಿ ಹೇಳಿದೆ. ದೊಡ್ಡ ಮಗ ನಂಬಲಿಲ್ಲ. 30ಕ್ಕೆ 28 ತೆಗೆದವರಿಗೆ ರೋಗ ಅಂದರೆ ಯಾರು ನಂಬುತ್ತಾರೆ? ಆಮೇಲೆ ಎರಡು ವರ್ಷ ಅವರು ಬರಲಿಲ್ಲ.

ಬಂದಾಗ ಮಾಸ್ತರು ಬೇರೆಯೇ ಆಗಿದ್ದರು. ಮಗನನ್ನು ತನ್ನ ತಮ್ಮ ಅಂದುಕೊಂಡು ಮಾತಾಡಿಸುತ್ತಿದ್ದರು. ಸಂಜೆ ಆದರೆ "ಮನಿಗಿ ಹೋಗೋಣ ನಡೀರಿ" ಅಂತ ಬಾಗಿಲ ಹತ್ತಿರ ನಿಲ್ಲುತ್ತಿದ್ದರು, ತಮ್ಮದೇ ಮನೆಯಲ್ಲಿ. ಪರೀಕ್ಷೆಯಲ್ಲಿ ಬಂದದ್ದು 15. ಮಗ ಹೇಳಿದ್ದು ಒಂದೇ ಮಾತು. "ಹೋದ ವರ್ಷದ ತನಕ ಛಲೋನೇ ಇದ್ರಲ್ರಿ. ಬಾತ್‌ರೂಮಿನ್ಯಾಗ ಜಾರಿ ಬಿದ್ರು ನೋಡ್ರಿ, ಆವತ್ತಿನಿಂದ ಹಿಂಗ ಆಗ್ಯಾರ."

ಎಷ್ಟೋ ಮನೆಗಳಲ್ಲಿ ಇದೇ ಮಾತು ಕೇಳುತ್ತೇನೆ. ಬಿದ್ದದ್ದು, ಹೆಂಡತಿ ತೀರಿಕೊಂಡದ್ದು, ಕಣ್ಣಿನ ಆಪರೇಷನ್, ಮನೆ ಬದಲಿಸಿದ್ದು, ಹೀಗೆ ಏನೋ ಒಂದು ಕಾರಣ ಸಿಗುತ್ತದೆ. ತಲೆಗೆ ಪೆಟ್ಟು ಬಿದ್ದಿದ್ದರೆ ಒಳಗೆ ರಕ್ತ ಕಟ್ಟಿದೆಯಾ ಅಂತ ಸ್ಕ್ಯಾನ್ ಮಾಡಿಯೇ ನೋಡಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂದೆರಡು ದಿನದಲ್ಲೇ ಗೊಂದಲ ಹೆಚ್ಚಾದರೆ ಮೂತ್ರದ ಸೋಂಕು, ಸೋಡಿಯಂ ಇಳಿದದ್ದು, ಹೊಸ ಮಾತ್ರೆ ಇವನ್ನೂ ನೋಡಬೇಕು. ಮಾಸ್ತರಿಗೆ ಅವೆಲ್ಲ ನೋಡಿ ಆಯಿತು, ಏನೂ ಇರಲಿಲ್ಲ. ರೋಗ ಮೊದಲಿನಂತೆಯೇ ಮೆಲ್ಲಗೆ ಬೆಳೆದಿತ್ತು. ಅದನ್ನು ಹೊತ್ತು ನಿಂತಿದ್ದ ಶಕ್ತಿ ಮುಗಿದಿತ್ತು. ಬಳಸಿಕೊಳ್ಳಲು ಬೇರೆ ದಾರಿಗಳೂ ಉಳಿದಿರಲಿಲ್ಲ.

ಈ ವೇಗದ ಕುಸಿತವನ್ನು ಅಳೆದವರಿದ್ದಾರೆ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ ವಯಸ್ಸಾದವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಿಂದ, ಮುಂದೆ ಡಿಮೆನ್ಶಿಯಾ ಬಂದ 117 ಜನರ ಲೆಕ್ಕ 2007ರಲ್ಲಿ ಪ್ರಕಟವಾಯಿತು. ಪ್ರತಿ ಒಂದು ವರ್ಷದ ಓದಿಗೆ, ನೆನಪು ಜೋರಾಗಿ ಇಳಿಯಲು ಶುರುವಾಗುವುದು ಸುಮಾರು ಎರಡೂವರೆ ತಿಂಗಳು ತಡವಾಗಿತ್ತು. ಒಮ್ಮೆ ಶುರುವಾದ ಮೇಲೆ ಹೆಚ್ಚು ಓದಿದವರದ್ದೇ ಹೆಚ್ಚು ವೇಗದಲ್ಲಿ ಇಳಿದಿತ್ತು. 16 ವರ್ಷ ಓದಿದವರಿಗೆ ಇದನ್ನು ಹಚ್ಚಿದರೆ 16 ಗುಣಿಸು ಎರಡೂವರೆ, 40 ತಿಂಗಳು. ಏನೂ ಓದದವರಿಗಿಂತ ಮೂರು ವರ್ಷಕ್ಕೂ ಮೇಲೆ ತಡ. ಇದು ಬ್ರಾಂಕ್ಸಿನ ಜನರ ಸರಾಸರಿ. ನಮ್ಮ ಮಾಸ್ತರಿಗೆ ಇಷ್ಟೇ ತಿಂಗಳು ಸಿಕ್ಕಿತು ಅಂತ ಇದರಿಂದ ಹೇಳಲು ಬರುವುದಿಲ್ಲ. ಆದರೆ ಲಾಭ ಎಷ್ಟು ದೊಡ್ಡದು, ಅದಕ್ಕೆ ಮಿತಿ ಎಲ್ಲಿ ಅನ್ನುವ ಅಂದಾಜು ಸಿಗುತ್ತದೆ.

ಎಲ್ಲ ಅಧ್ಯಯನಗಳೂ ಹೀಗೇ ಹೇಳುವುದಿಲ್ಲ. ಕೆಲವು ಕಡೆ ಓದಿದವರ ಕುಸಿತ ಹೆಚ್ಚು ವೇಗ ಅಂತ ಕಂಡಿಲ್ಲ. ಇನ್ನೊಂದು ವಾದವೂ ಇದೆ, ನನಗೆ ಅದೂ ತೂಕದ್ದು ಅನಿಸುತ್ತದೆ. ಓದಿದವರು ಎತ್ತರದ ಮೆಟ್ಟಿಲಿಂದ ಇಳಿಯಲು ಶುರು ಮಾಡುತ್ತಾರೆ. ಇಳಿಯುವ ವೇಗ ಎಲ್ಲರದ್ದೂ ಒಂದೇ ಇದ್ದರೂ, ಡಿಮೆನ್ಶಿಯಾ ಅಂತ ಗೆರೆ ಹಾಕಿದ ಜಾಗ ತಲುಪಲು ಅವರಿಗೆ ಜಾಸ್ತಿ ಹೊತ್ತು ಬೇಕು. ಹಾಗಿದ್ದರೆ ಓದಿನ ಲಾಭದಲ್ಲಿ ಒಂದು ಪಾಲು ಎಲ್ಲಿಂದ ಶುರು ಮಾಡಿದರು ಅನ್ನುವುದರಿಂದಲೇ ಬಂದದ್ದು. ಎರಡೂ ಸೇರಿ ಕೆಲಸ ಮಾಡುತ್ತಿರಬಹುದು. ಮಾಸ್ತರಂಥವರಿಗೆ ಎರಡರಿಂದಲೂ ಬರುವ ಎಚ್ಚರ ಒಂದೇ. ಒಳ್ಳೆಯ ಅಂಕ ಬಂತು ಅಂತ ರೋಗ ಇಲ್ಲ ಅನ್ನಬಾರದು.

ಈಗ ತಂಗಿಯ ಕಡೆ ಬರುತ್ತೇನೆ. ಇವರ ವಿಷಯದಲ್ಲಿ ತಪ್ಪು ಉಲ್ಟಾ ದಿಕ್ಕಿನಲ್ಲಿ ಆಗುತ್ತದೆ.

ಅದೇ 30 ಅಂಕದ ಪರೀಕ್ಷೆಯನ್ನು ಅವರಿಗೆ ಹಾಗೇ ಮಾಡಿದರೆ ಅದು ಅನ್ಯಾಯ. ಅದರಲ್ಲಿ ಒಂದು ವಾಕ್ಯ ಓದಿ ಅದರಂತೆ ಮಾಡಿ ಅಂತ ಇದೆ, ಒಂದು ವಾಕ್ಯ ಬರೆಯಿರಿ ಅಂತ ಇದೆ, ಒಂದರ ಮೇಲೊಂದು ಕೂತ ಎರಡು ಐದು ಮೂಲೆಯ ಆಕಾರ ನೋಡಿ ಬರೆಯಿರಿ ಅಂತ ಇದೆ. ನಾನು ಪೆನ್ಸಿಲ್ ಕೊಟ್ಟು ನೋಡಿದೆ. ಸೌಟು ಹಿಡಿಯುವ ಹಾಗೆ ಮುಷ್ಟಿಯಲ್ಲಿ ಹಿಡಿದರು. "ಇದೆಲ್ಲ ನನಗ ಬರಂಗಿಲ್ಲ ಯಪ್ಪಾ" ಅಂತ ಕೆಳಗಿಟ್ಟರು. ಇದು ರೋಗ ಅಲ್ಲ. ಪೆನ್ಸಿಲ್ ಕೈಗೆ ಬಂದದ್ದೇ ಆವತ್ತು ಮೊದಲು. ಪೂರ್ತಿ ಚೆನ್ನಾಗಿರುವ ಅನಕ್ಷರಸ್ಥ ಅಜ್ಜಿಗೂ ಈ ಪರೀಕ್ಷೆಯಲ್ಲಿ ಅಂಕ ಕಡಿಮೆ ಬರುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು 52 ಶೇಕಡ, ರಾಜ್ಯದಲ್ಲೇ ಎಲ್ಲಕ್ಕಿಂತ ಕೆಳಗೆ. ಅಲ್ಲಿನ ವಯಸ್ಸಾದ ಹೆಂಗಸರಿಗೆಲ್ಲ ಕಾಗದದ ಪರೀಕ್ಷೆ ಮಾಡಿದರೆ ಅರ್ಧ ಊರಿಗೆ ಡಿಮೆನ್ಶಿಯಾ ಅಂತ ಬರೆಯಬೇಕಾದೀತು.

ಇದನ್ನು ಸರಿಮಾಡುವ ಪ್ರಯತ್ನ ನಮ್ಮ ದೇಶದಲ್ಲೇ ನಡೆದಿದೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ದೊಡ್ಡ ಅಧ್ಯಯನ ಆಯಿತು. ಅಲ್ಲಿನ ಹಿರಿಯರಲ್ಲಿ ಹೆಚ್ಚಿನವರು ಅನಕ್ಷರಸ್ಥರು. ಅದಕ್ಕಾಗಿ ಪರೀಕ್ಷೆಯನ್ನೇ ಬದಲಿಸಿದರು. ಗಂಟೆ ಎಷ್ಟು ಅನ್ನುವ ಬದಲು ಬೆಳಗೋ ಮಧ್ಯಾಹ್ನವೋ ಸಂಜೆಯೋ ಅಂತ ಕೇಳಿದರು. ವಾಕ್ಯ ಬರೆಯುವ ಬದಲು ನಿಮ್ಮ ಮನೆ ಬಗ್ಗೆ ಒಂದು ಮಾತು ಹೇಳಿ ಅಂದರು. ಓದಿ ಮಾಡುವ ಬದಲು ನಾನು ಮಾಡಿದ ಹಾಗೆ ಮಾಡಿ ಅಂತ ಕಣ್ಣು ಮುಚ್ಚಿ ತೋರಿಸಿದರು. ಈಗ ಐಸಿಎಂಆರ್ ಮಾಡಿಸಿದ ಪರೀಕ್ಷೆಗಳ ಗುಚ್ಛ ಕನ್ನಡದಲ್ಲೂ ಇದೆ. ಆದರೂ ಯಾವ ಪರೀಕ್ಷೆಯಾದರೂ ಪೂರ್ತಿ ನಿಷ್ಪಕ್ಷಪಾತ ಅಂತ ನಾನು ಒಪ್ಪಲಾರೆ. ಎದುರಿಗೆ ಕೂತು ಪ್ರಶ್ನೆಗೆ ಉತ್ತರ ಕೊಡುವುದು ಕೂಡ ಶಾಲೆ ಕಲಿಸಿದ ಅಭ್ಯಾಸವೇ, ಅಲ್ವಾ?

ಅದಕ್ಕೇ ನಾನು ಅವರ ಬದುಕಿನಿಂದಲೇ ಪ್ರಶ್ನೆ ತೆಗೆಯುತ್ತೇನೆ. "ಆಯೀ, ಎಳ್ಳ ಅಮಾಸಿಗಿ ಭಜ್ಜಿ ಮಾಡಬೇಕಂದ್ರ ಏನೇನ್ ಬೇಕ್ರಿ?" ನಮ್ಮ ಕಡೆ ಆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭಜ್ಜಿಗೆ ಹಸಿ ಕಡಲಿ, ಹಸಿ ತೊಗರಿ, ಅವರಿಕಾಯಿ, ಗಜ್ಜರಿ, ಮೆಂತ್ಯ, ಪಾಲಕ್, ಹುಣಸೆಹಣ್ಣು, ಕಡಲೆ ಹಿಟ್ಟು ಅಂತ ಪಟ್ಟಿ ಉದ್ದ ಹೋಗುತ್ತದೆ. ಇದು ಅವರ ಬಿ.ಎ. ಪದವಿ ಅಂದರೂ ತಪ್ಪಿಲ್ಲ, ಹೊಲದಲ್ಲಿ ದುಡಿಯುವ ನಲವತ್ತು ಮಂದಿಗೆ ಮಾಡಿ ಬಡಿಸಿದವರು. ಅವರು ಕಡಲಿ ಅಂದರು, ಹಿಟ್ಟು ಅಂದರು. ಮತ್ತೆ ಕಡಲಿ ಅಂದರು. ಆಮೇಲೆ ಸೊಸೆಯ ಮುಖ ನೋಡಿದರು. ಐದು, ಹತ್ತು ರೂಪಾಯಿಯ ನಾಣ್ಯ ಕೊಟ್ಟು ಇಪ್ಪತ್ತು ರೂಪಾಯಿ ಮಾಡಿ ಅಂದೆ, ಆಗಲಿಲ್ಲ. ಸಂತೆಯಲ್ಲಿ ಒಂದು ಪೈಸೆ ಬಿಡದವರು ಅಂತ ಮಗ ಹೇಳಿದ್ದ. ಇಲ್ಲಿ ರೋಗ ಇದೆ. ಪೆನ್ಸಿಲ್ ಹೇಳಲಾರದ್ದನ್ನು ಭಜ್ಜಿ ಹೇಳಿತು.

ಅದಾದ ಮೇಲೆ ಅನಕ್ಷರಸ್ಥರಿಗೆ ನಾನು ತಪ್ಪದೆ ನೋಡಿಸುವುದು ಕಿವಿ, ಕಣ್ಣು, ಥೈರಾಯ್ಡ್, ಬಿ12. ಮನಸ್ಸು ಖಿನ್ನವಾಗಿದೆಯಾ ಅಂತಲೂ ಕೇಳುತ್ತೇನೆ. ಓದಿದವರಿಗೂ ಇದು ಬೇಕು. ಆದರೆ ಮೀಸಲು ಕಡಿಮೆ ಇದ್ದವರಲ್ಲಿ ಇಂಥ ಒಂದು ಸಣ್ಣ ಹೊರೆ ಕೂಡ ಲಕ್ಷಣವನ್ನು ಬಹಳ ಹಿಗ್ಗಿಸುತ್ತದೆ. ಈ ತಂಗಿಗೆ ಕಿವಿ ಮಂದ ಇತ್ತು, ಬಿ12 ಬಹಳ ಕಡಿಮೆ ಇತ್ತು. ಇಂಜೆಕ್ಷನ್ ಆಯಿತು, ಕಿವಿಗೆ ಮಿಷಿನ್ ಬಂತು. ರೋಗ ಹೋಗಲಿಲ್ಲ. ಆದರೆ ಸೊಸೆಯ ಜೊತೆಗಿನ ಜಗಳ ಕಡಿಮೆಯಾಯಿತು. ಅರ್ಧಂಬರ್ಧ ಕೇಳಿಸಿದ ಮಾತೇ ಎಷ್ಟೋ ಅನುಮಾನಕ್ಕೆ ಕಾರಣ ಆಗಿತ್ತು ಅಂತ ನನ್ನ ಅಂದಾಜು.

ಓದಿಲ್ಲದವರಿಗೆ ಮೀಸಲೇ ಇಲ್ಲ ಅಂತ ಯಾರೂ ತಿಳಿಯಬಾರದು. ಶಾಲೆಯ ವರ್ಷವನ್ನು ಸಂಶೋಧಕರು ಬಳಸುವುದು ಅದನ್ನು ಎಣಿಸುವುದು ಸುಲಭ ಅಂತ. ಹೊಲದ ಲೆಕ್ಕ, ನೂರು ಜನರ ಸಂಬಂಧ, ಸೋಬಾನೆ ಪದ ಇವನ್ನು ಎಣಿಸುವವರು ಯಾರು? ನಮ್ಮ ಭಾಗಕ್ಕೆ ಬಹಳ ಹತ್ತಿರದ ಒಂದು ಅಧ್ಯಯನ ಇದೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಿಮೆನ್ಶಿಯಾ ಇರುವ 648 ಜನರನ್ನು ನೋಡಿ 2013ರಲ್ಲಿ ಬರೆದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಲಕ್ಷಣ ಶುರುವಾದದ್ದು ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಕಂಡಿತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ, ಸಂತೆಯಲ್ಲಿ ತೆಲುಗು ಅನ್ನುವ ಊರಿನವರಿಗೆ ಇದು ಖುಷಿಯ ಸುದ್ದಿ. ಆದರೆ ಇದು ಆಸ್ಪತ್ರೆಗೆ ಬಂದವರ ಲೆಕ್ಕ. ಆರೋಗ್ಯವಾಗಿರುವವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಬೇರೆ ಅಧ್ಯಯನಗಳಲ್ಲಿ ಈ ಲಾಭ ಅಷ್ಟು ಗಟ್ಟಿಯಾಗಿ ಸಿಕ್ಕಿಲ್ಲ. ನಾನು ಇದನ್ನು ಆಸೆಯಿಂದ ನೋಡುತ್ತೇನೆ, ಪಕ್ಕಾ ಅಂತ ಹೇಳುವುದಿಲ್ಲ.

"ಈಗ ಅಪ್ಪಗ ಸುಡೋಕು ಕಲಿಸಿದ್ರ ಆಗ್ತದೇನ್ರಿ?" ಅಂತ ಮಾಸ್ತರ ಸಣ್ಣ ಮಗ ಫೋನಿನಲ್ಲಿ ಕೇಳಿದ. ಇಷ್ಟ ಇದ್ದರೆ ಆಡಲಿ ಅಂದೆ. ಪದಬಂಧ ಬಿಡಿಸುವವರಿಗೆ ರೋಗ ಕಡಿಮೆ ಅನ್ನುವ ಸುದ್ದಿ ಓದುವಾಗ ಒಂದು ಮಾತು ನೆನಪಿಡಬೇಕು. ರೋಗ ಒಳಗೆ ಶುರುವಾದವರು ಗೊತ್ತಿಲ್ಲದೆಯೇ ಪದಬಂಧ ಬಿಟ್ಟುಬಿಟ್ಟಿರುತ್ತಾರೆ. ಯಾವುದು ಕಾರಣ, ಯಾವುದು ಪರಿಣಾಮ ಅಂತ ಬಿಡಿಸುವುದು ಕಷ್ಟ. ಮೀಸಲು ಕೂಡುವುದು ಇಡೀ ಜೀವನದಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ ಜಾಸ್ತಿ. 78ರಲ್ಲಿ, ರೋಗ ಇಷ್ಟು ಮುಂದೆ ಹೋದ ಮೇಲೆ ಆಟದಿಂದ ಅದನ್ನು ತುಂಬಬಹುದು ಅಂತ ನಾನು ಹೇಳಲಾರೆ.

ಅವನಿಗೆ ಬೇರೆ ಕೆಲಸ ಹೇಳಿದೆ. ನಿಜವಾಗಿ ಎರಡು ವರ್ಷ ಹಿಂದೆ ದೊಡ್ಡ ಮಗನಿಗೂ ಹೇಳಿದ್ದ ಕೆಲಸ ಅದು, ಆಗ ಸುಲಭ ಇತ್ತು. ಓದಿದ ಮನುಷ್ಯ 28 ಅಂಕ ತೆಗೆದು, ಸುಳಿವು ಕೊಟ್ಟರೂ ಶಬ್ದ ನೆನಪಾಗದೆ, ಸ್ಕ್ಯಾನ್‌ನಲ್ಲಿ ಹಿಪ್ಪೊಕ್ಯಾಂಪಸ್ ಕುಗ್ಗಿದ್ದರೆ, ಅವರು ಚೆನ್ನಾಗಿ ಮಾತಾಡುವ ಆ ಕಾಲವೇ ಕಾಗದ ಪತ್ರದ ಕಾಲ. ಹೊಲದ ಪಹಣಿ ಯಾರ ಹೆಸರಿಗೆ, ಪೆನ್ಷನ್ ಖಾತೆಗೆ ನಾಮಿನಿ ಯಾರು, ಉಯಿಲು ಬರೆಯುವುದಿದೆಯಾ, ಮುಂದೆ ಆಸ್ಪತ್ರೆಯಲ್ಲಿ ತಮಗೆ ಏನು ಬೇಕು ಏನು ಬೇಡ, ಎಲ್ಲವನ್ನೂ ಅವರೇ ಕೂತು ಹೇಳಬೇಕು. ಆಗ ಅವರಿಗೆ ತಿಳಿಯುತ್ತದೆ, ಸಹಿಗೆ ಬೆಲೆಯೂ ಇರುತ್ತದೆ. ಜೊತೆಗೆ ವರ್ಷಕ್ಕೊಮ್ಮೆ ಅದೇ ಹತ್ತು ಶಬ್ದದ ಥರದ ಕಷ್ಟದ ಪರೀಕ್ಷೆ ಮಾಡಿಸಬೇಕು. ಊರಿನ ಸರಾಸರಿಯ ಜೊತೆ ಹೋಲಿಸುವುದಲ್ಲ, ಅವರದ್ದೇ ಹೋದ ವರ್ಷದ ಅಂಕದ ಜೊತೆ ಹೋಲಿಸಬೇಕು.

ಮಾಸ್ತರ ಮನೆಯಲ್ಲಿ ಆ ಹೊತ್ತು ದಾಟಿಹೋಗಿತ್ತು. ಈಗ ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ. ಹೊಲದ ವಿಷಯಕ್ಕೆ ಮಕ್ಕಳು ವಕೀಲರನ್ನು ಕಾಣುತ್ತಿದ್ದಾರೆ. ತಂಗಿಯ ಮನೆಯಲ್ಲಿ ಪರಿಸ್ಥಿತಿ ಬೇರೆ. ಅವರ ಲಕ್ಷಣ ಬೇಗ ಕಂಡಿತು, ಮನೆಯವರು ಬೇಗ ಒಪ್ಪಿಕೊಂಡರು. ಎರಡು ವರ್ಷದಲ್ಲಿ ಅವರು ಇಳಿದದ್ದು ಸ್ವಲ್ಪವೇ. ಗಿರಣಿಗೆ ಮೊಮ್ಮಗ ಜೊತೆಗೆ ಹೋಗುತ್ತಾನೆ, ಉಪ್ಪಿನ ಡಬ್ಬಿ ಸೊಸೆಯ ಕೈಯಲ್ಲಿದೆ. ರೊಟ್ಟಿ ಮಾತ್ರ ಇವತ್ತಿಗೂ ಅವರೇ ಬಡಿಯುತ್ತಾರೆ.